ಲಿಫ್ಟಿನ ಬಗ್ಗೆ ಒಂದು ಸಾಲು

ಟಕ್, ಟಕ್, ಟಕ್. ಅಳಿಸುವ ಕೀಲಿಯ ಸದ್ದು ನಡುರಾತ್ರಿಯಲ್ಲಿ ಇಷ್ಟು ಜೋರಾಗಿ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ.

"ಯಾರನ್ನ ಕುಟ್ತಾ ಇದ್ದೀಯೇ?" ಹೊದಿಕೆಯೊಳಗಿಂದ ಯಜಮಾನರ ದನಿ.

"ನಮ್ಮ ಮ್ಯಾನೇಜರನ್ನ ಅಳಿಸ್ತಾ ಇದ್ದೀನಿ."

"ಪೂರ್ತಿ ಅಳಿಸು. ರಿಲೀವಿಂಗ್ ಲೆಟರ್ ಇಲ್ದೆ ಹೊಸ ಕಂಪನಿಯವರು ಒಳಗೇ ಬಿಡಲ್ಲ. ಅದಕ್ಕೆ ಸಹಿ ಹಾಕಬೇಕಾದವನು ಅದೇ ಪುಣ್ಯಾತ್ಮ."

ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ನಾನು. ಯಾವ ದೂರು ಕೊಟ್ಟರೂ "ನೋಡೋಣ" ಎನ್ನುತ್ತಿದ್ದುದರಿಂದ ನಮ್ಮ ಮ್ಯಾನೇಜರಿಗೆ ನೋಡೋಣ ಸಾಹೇಬರು ಎಂದೇ ಹೆಸರು. ತಪ್ಪಿಹೋದ ಬಡ್ತಿ, ಭಾನುವಾರದ ಫೋನುಗಳು, ಉತ್ತರವೇ ಬಾರದ ಮೇಲ್‌ಗಳು ಎಲ್ಲವನ್ನೂ ರಾಜೀನಾಮೆ ಪತ್ರದಿಂದ ತೆಗೆದೆ. ಉಳಿದದ್ದು ಕೃತಜ್ಞತೆ, ನಿಯಮದಂತೆ ಎರಡು ತಿಂಗಳ ನೋಟಿಸ್, ಕೊನೆಯ ದಿನದ ತಾರೀಕು, ಮತ್ತು ಪ್ರತಿ ಯಂತ್ರವನ್ನೂ ಈಗಿರುವ ಸ್ಥಿತಿಯ ವಿವರದೊಂದಿಗೆ ಹೊಸಬರಿಗೆ ಒಪ್ಪಿಸುತ್ತೇನೆ ಎಂಬ ಮಾತು.

"ಎಷ್ಟು ಚೆಂದ ಬರೆದಿದ್ದೀರಮ್ಮ! ಒಂದೂ ಕಹಿ ಮಾತಿಲ್ಲ," ಎಂದು ಸಾಹೇಬರು ಕೂಡಲೇ ಒಪ್ಪಿಕೊಂಡರು.

ಕೊನೆಯ ದಿನ, ನನ್ನ ಜಾಗಕ್ಕೆ ಬಂದಿದ್ದ ಹುಡುಗಿ ಒಪ್ಪಿಸುವ ಹಾಳೆ ಓದುತ್ತಾ ಒಂದು ಕಡೆ ನಿಂತಳು. 'ಸರಕಿನ ಲಿಫ್ಟ್: ಮೂರನೇ ಮಹಡಿ ಬಾಗಿಲಿನ ಸ್ವಿಚ್ ಕೆಟ್ಟಿದೆ. ಬದಲಿಗೆ ತಂತಿ ಜೋಡಿಸಲಾಗಿದೆ. ಬಾಗಿಲು ತೆರೆದಿದ್ದರೂ ಲಿಫ್ಟ್ ಚಲಿಸುತ್ತದೆ.'

"ಮೇಡಂ, ಇದಕ್ಕೆ ನಾನು ಸಹಿ ಹಾಕಲ್ಲ. ನಾಳೆ ಯಾರಾದ್ರೂ ಬಿದ್ರೆ ನನ್ನ ತಲೆಗೆ ಬರುತ್ತೆ."

ಅವಳ ಸಹಿ ಇಲ್ಲದೆ ನನಗೆ ಬಿಡುಗಡೆಯಿಲ್ಲ. ಸಾಹೇಬರು ಸುಲಭದ ದಾರಿ ತೋರಿಸಿದರು. "ಆ ಒಂದು ಸಾಲು ಅಳಿಸಿಬಿಡಿ."

"ಅಳಿಸೋದನ್ನೆಲ್ಲ ಪತ್ರದಲ್ಲೇ ಅಳಿಸಿದ್ದೀನಿ ಸರ್. ಇದು ದೂರಲ್ಲ, ಲಿಫ್ಟು ಇರೋ ಸ್ಥಿತಿ."

ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು. ಸಾಹೇಬರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಮೊದಲ ಬಾರಿಗೆ "ನೋಡೋಣ" ಎನ್ನದೆ ಫೋನ್ ಎತ್ತಿದರು.

ಮಧ್ಯಾಹ್ನ ಲಿಫ್ಟ್ ಕಂಪನಿಯ ಮೆಕ್ಯಾನಿಕ್ ಬಂದು ಹೊಸ ಸ್ವಿಚ್ ಕೂರಿಸಿ, ತಂತಿ ಕಿತ್ತು, ಬಾಗಿಲು ತೆರೆದಿಟ್ಟು ಗುಂಡಿ ಒತ್ತಿದ. ಲಿಫ್ಟ್ ಅಲುಗಲಿಲ್ಲ. ಹುಡುಗಿ ಸಹಿ ಹಾಕಿದಳು.

ಸಾಹೇಬರು ನನ್ನ ರಿಲೀವಿಂಗ್ ಲೆಟರ್ ಎದುರಿಟ್ಟುಕೊಂಡು ಪೆನ್ನನ್ನು ಗಾಳಿಯಲ್ಲೇ ಹಿಡಿದರು. "ಇಷ್ಟೇ ಇಷ್ಟು ಕೆಲಸ! ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇನಮ್ಮ?"

ಇದೇ ಲಿಫ್ಟಿನ ಬಗ್ಗೆ ಎರಡು ವರ್ಷ ಅವರಿಗೆ ಕಳಿಸಿದ ಮೇಲ್‌ಗಳೆಲ್ಲ ನನ್ನ ಬಾಯಿಗೇ ಬಂದವು. ಕಣ್ಣು ಮಾತ್ರ ಪೆನ್ನಿನ ಮೊನೆಯ ಮೇಲಿತ್ತು.

"ಮರೆತಿದ್ದೆ ಸರ್. ತಪ್ಪಾಯ್ತು."

"ಮುಂದಿನ ಕಡೆ ಹೀಗೆ ಮಾಡ್ಬೇಡಿ," ಎಂದು ದೊಡ್ಡ ಮನಸ್ಸಿನಿಂದ ಸಹಿ ಹಾಕಿದರು.

ಮನೆಯಲ್ಲಿ ಯಜಮಾನರು ಬಾಗಿಲಲ್ಲೇ ಕೇಳಿದರು. "ಏನಂದ ಪುಣ್ಯಾತ್ಮ?"

"ಒಳ್ಳೆದಾಗ್ಲಿ ಅಂದ್ರು," ಎಂದೆ. ನಾನು ಕ್ಷಮೆ ಕೇಳಿದ್ದನ್ನು ಇವರಿಗಷ್ಟೇ ಅಲ್ಲ, ಯಾರಿಗೂ ಹೇಳಬಾರದೆಂದು ಚಪ್ಪಲಿ ಬಿಡುವಷ್ಟರಲ್ಲಿ ತೀರ್ಮಾನಿಸಿದ್ದೆ.