ಅಣ್ಣನ ಬಲಗೈ

ಚಕ್ಕೋತದ ಹೂವಿನ ವಾಸನೆಗೆ ಒಂದು ಕೆಟ್ಟ ಗುಣವಿದೆ. ಮೂಗಿಗೆ ಬಡಿದರೆ ಸಾಕು, ಎಚ್ಚರವಾಗಿದ್ದವನೂ ಅರ್ಧ ನಿದ್ದೆಗೆ ಜಾರುತ್ತಾನೆ. ದೇವನಹಳ್ಳಿಯ ನಮ್ಮ ತೋಟದಲ್ಲಿ ಹುಟ್ಟಿದ ನಾನು ಬದುಕಿನ ಮುಕ್ಕಾಲು ಪಾಲನ್ನು ಹಾಗೇ ಕಳೆದೆ. ಅಣ್ಣ ಖಾಸಿಂ ಸಾಬ್ ಗಿಡಕ್ಕೆ ನೀರು ಹಾಯಿಸುವಾಗ, ಬುಡೇನ್ ಎಂಬ ನಾನು ಅದೇ ಗಿಡದ ನೆರಳಲ್ಲಿ ಮಲಗಿರುತ್ತಿದ್ದೆ. ಅಪ್ಪ ಬಿಟ್ಟುಹೋದ ತೋಟದಲ್ಲಿ ನನ್ನ ಪಾಲನ್ನು ಅಣ್ಣನಿಗೇ ಮಾರಿ, ಬೆಂಗಳೂರಿನ ದಂಡು ಪ್ರದೇಶದಲ್ಲಿ ಜಟಕಾ ಓಡಿಸಲು ಹೋದೆ. ಕುದುರೆ ಸತ್ತಿತು, ನಾನು ವಾಪಸು ಬಂದೆ. ಬಂದಾಗ ತೋಟ ಪೂರ್ತಿ ಅಣ್ಣನದು. ನನ್ನದು ಅಂತ ಉಳಿದದ್ದು ನೆರಳು ಮಾತ್ರ.

ಮಹಾಯುದ್ಧ ಇನ್ನೂ ನಡೆಯುತ್ತಿದ್ದ ವರ್ಷ ಅಣ್ಣ ತೀರಿಕೊಂಡ. ದೇವರೇ, ನಾನು ಅತ್ತೆ. ಆದರೆ ಸುಳ್ಳೇಕೆ ಹೇಳಲಿ, ಅಳುವಿನ ಹಿಂದೆಯೇ ಬಾವಿಯ ಪಕ್ಕದ ಗಿಡಗಳ ಸಾಲು ಕಣ್ಣಿಗೆ ಕಟ್ಟಿತು. ಅಲ್ಲಿ ಒಂದು ಗುಡಿಸಲು ಹಾಕಿಕೊಂಡು ಸಾಯುವತನಕ ಆ ವಾಸನೆಯಲ್ಲಿ ಇರಬೇಕು, ಅಷ್ಟೇ ನನ್ನ ಆಸೆ.

ವಕೀಲ ನರಸಿಂಹಯ್ಯನವರು ನನ್ನ ಆಸೆಗೆ ಕಾನೂನಿನ ಅಂಗಿ ತೊಡಿಸಿದರು.

"ಅಣ್ಣನಿಗೆ ಯಾರ್ಯಾರು ಉಳಿದವ್ರೆ, ಬುಡೇನ್ ಸಾಬ್ರೇ?"

"ಒಬ್ಳೇ ಮಗಳು, ಕನೀಜಾ. ಹೆಂಡ್ತಿ ಮುಂಚೇನೇ ಹೋದ್ಲು. ಅಪ್ಪ ಅಮ್ಮ ಇಲ್ಲ. ಒಡಹುಟ್ಟಿದವನು ನಾನೊಬ್ನೇ."

"ಹಂಗಾದ್ರೆ ಸುನ್ನಿ ಲೆಕ್ಕದಲ್ಲಿ ಮಗಳಿಗೆ ಅರ್ಧ, ಮಿಕ್ಕಿದ್ದು ಒಡಹುಟ್ಟಿದ ತಮ್ಮನಿಗೆ. ಅಂದ್ರೆ ನಿಮ್ಗೂ ಅರ್ಧ." ಅವರು ನಶ್ಯ ಏರಿಸಿ ಒಂದು ಸೀನು ಸೀನಿದರು. "ಆದ್ರೆ ಅಣ್ಣನ ಹೆಂಡ್ತಿ ಅಲೀಪುರದೋರು ಅಂತೀರಿ. ಅವರು ಶಿಯಾ. ಅಣ್ಣನೂ ಶಿಯಾ ಆಗಿದ್ರು ಅಂತ ಮಗಳು ಸಾಬೀತು ಮಾಡ್ಬಿಟ್ರೆ, ನಿಮ್ಗೆ ಚಿಪ್ಪು. ಶಿಯಾ ಕಟ್ಟಳೆಯಲ್ಲಿ ಮಗಳು ಇರೋವಾಗ ತಮ್ಮ ಸಾಲಿಗೇ ಬರಲ್ಲ. ಅರ್ಧ ಅವಳ ಪಾಲು, ಉಳಿದರ್ಧನೂ ತಿರುಗಿ ಅವಳಿಗೇ ಹೋಗ್ತದೆ."

"ನಾನು ಸುನ್ನಿ ಅಲ್ವಾ, ಸ್ವಾಮಿ?"

"ನೀವು ಯಾರಾದ್ರೇನು, ಮಗಳು ಯಾರಾದ್ರೇನು? ಸತ್ತೋರು ಸಾಯೋವಾಗ ಯಾವ ಪಂಥದೋರು, ಅಷ್ಟೇ ಕೋರ್ಟು ಕೇಳೋದು. ಸುಮ್ನಿದ್ರೆ ಸುನ್ನಿ ಅಂತ್ಲೇ ತಿಳ್ಕೊಳ್ತದೆ. ಅಲ್ಲ ಅನ್ನೋರು ತೋರಿಸ್ಬೇಕು."

ನಾನು ದಾವೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆ. ಸುಮ್ಮನಿರುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ.

ಕೋರ್ಟಿನ ಕಟ್ಟಡ ಸುಣ್ಣದ ಬಿಳುಪಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ತೇಲುತ್ತಿರುವಂತೆ ಕಾಣುತ್ತಿತ್ತು. ಒಳಗೆ ಬಟ್ಟೆಯ ಪಂಖಾ ಮೆಲ್ಲಗೆ ತೂಗುತ್ತಿತ್ತು, ಮಾತುಗಳೂ ಅದರ ಜೊತೆ ದೂರ ಹೋಗಿ ಹತ್ತಿರ ಬರುತ್ತಿದ್ದವು. ಕನೀಜಾ ಬುರ್ಖಾದೊಳಗೆ ಕದಲದೆ ಕೂತಿದ್ದಳು. ನಾನು ಹೆಗಲ ಮೇಲೆ ಹೊತ್ತು ತಿರುಗಿಸಿದ ಮಗು ಅವಳು. ಆ ಕಡೆ ನೋಡಲು ನನಗೆ ಮುಖವಿರಲಿಲ್ಲ.

ಅವಳ ವಕೀಲರು ಮೊದಲು ಮೊಹರಂ ಹಿಡಿದುಕೊಂಡರು. ಖಾಸಿಂ ಸಾಬ್ ಪ್ರತಿವರ್ಷ ಬರಿಗಾಲಲ್ಲಿ, ಮೆರವಣಿಗೆಯಲ್ಲಿ ಹೊರುವ ಲೋಹದ ಹಸ್ತ ಪಂಜಾದ ಹಿಂದೆ ನಡೆಯುತ್ತಿದ್ದರು, ಆದ್ದರಿಂದ ಶಿಯಾ ಎಂದರು. ಮುನ್ಸೀಫರು ಸಾಕ್ಷಿಕಟ್ಟೆಯಲ್ಲಿದ್ದ ಮುನಿಸ್ವಾಮಿಯನ್ನು ನೋಡಿದರು. ಅವನು ನಮ್ಮ ಬಾವಿಯಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುವವನು.

"ನೀನೂ ನಡೀತೀಯೇನಯ್ಯಾ?"

"ನಡೀದೆ ಉಂಟಾ ಬುದ್ಧಿ? ಬಾಬಯ್ಯನ ಹಬ್ಬಕ್ಕೆ ನಂದೇ ಹುಲಿವೇಸ!"

ಕೋರ್ಟೆಲ್ಲ ನಕ್ಕಿತು. ಹಾಗಾದರೆ ನಮ್ಮ ಊರಿನಲ್ಲಿ ಶಿಯಾ ಅಲ್ಲದವರೇ ಇಲ್ಲ ಎಂದು ಮುನ್ಸೀಫರು ಆ ಸಾಕ್ಷಿಯನ್ನು ಬದಿಗಿಟ್ಟರು. ಅವಳ ವಕೀಲರು ಅಣ್ಣನ ಮನೆಯಲ್ಲಿ ಸಿಕ್ಕ ಕರ್ಬಲಾದ ಮಣ್ಣಿನ ಬಿಲ್ಲೆಯೊಂದನ್ನು ಮೇಜಿನ ಮೇಲಿಟ್ಟರು. ಶಿಯಾಗಳು ಸಜ್ದಾ ಮಾಡುವಾಗ ಹಣೆ ಇಡುವ ಬಿಲ್ಲೆ ಅದು. ಹೆಂಡತಿಯದನ್ನು ನೆನಪಿಗೆ ಇಟ್ಟುಕೊಂಡಿದ್ದಾರೆ ಎಂದು ನರಸಿಂಹಯ್ಯನವರು ಅದನ್ನೂ ತಳ್ಳಿಹಾಕಿದರು. ಉಳಿದದ್ದು ನಮಾಜು. ಸುನ್ನಿಗಳಾದ ನಾವು ಎಡಗೈ ಮೇಲೆ ಬಲಗೈ ಇಟ್ಟು ಕಟ್ಟಿ ನಿಲ್ಲುತ್ತೇವೆ, ಶಿಯಾಗಳು ಎರಡೂ ಕೈ ಇಳಿಬಿಟ್ಟು ನಿಲ್ಲುತ್ತಾರೆ.

"ಇಳಿಬಿಟ್ಕೊಂಡೇ ನಿಲ್ತಿದ್ರು ಬುದ್ಧಿ, ಈಚೆಗೆ," ಎಂದ ಮುನಿಸ್ವಾಮಿ.

ನರಸಿಂಹಯ್ಯನವರು ಎದ್ದರು. "ಅವರ ಎಡಗೈಗೆ ಏನಾಗಿತ್ತಪ್ಪಾ?"

"ಲಕ್ವ ಹೊಡೆದಿತ್ತು ಸ್ವಾಮಿ. ಮರದ ಕೊಂಬೆ ಇದ್ದಂಗಿತ್ತು."

"ಕಟ್ಟೋಕೆ ಕೈಯೇ ಇಲ್ದೋರು ಎಲ್ಲಿ ಕಟ್ತಾರೆ?" ಎಂದು ಕೂತರು. ಕನೀಜಾಳ ತಲೆ ತಗ್ಗಿತು. ಅರ್ಧ ತೋಟ ನನ್ನ ಬಾಯಿಗೆ ಬಂದಾಗಿತ್ತು.

ಕೊನೆಗೆ ನನ್ನನ್ನು ಮತ್ತೊಮ್ಮೆ ಕರೆದರು. ಕೇಳುವುದು ಒಂದೇ ಪ್ರಶ್ನೆ, ಹೌದು ಅಂದರೆ ಮುಗಿಯಿತು ಎಂದು ವಕೀಲರು ಮೊದಲೇ ಹೇಳಿದ್ದರು. ದೇವರ ಮೇಲೆ ಪ್ರಮಾಣ ಮಾಡಿದೆ. ಅಷ್ಟರಲ್ಲಿ, ಎಲ್ಲಿಂದಲೋ ಏನೋ, ಚಕ್ಕೋತದ ಹೂವಿನ ವಾಸನೆ ಬಂತು. ಕೋರ್ಟಿನ ಬಳಿ ಒಂದು ಗಿಡವೂ ಇಲ್ಲ. ಪಂಖಾ ದೂರ ಹೋಯಿತು, ಗೋಡೆಗಳು ಎಲೆಯಾದವು. ಬಾವಿಯ ಪಕ್ಕದ ಚಪ್ಪಡಿಯ ಮೇಲೆ ಅಣ್ಣ ಇಳಿಹೊತ್ತಿನ ಅಸರ್ ನಮಾಜಿಗೆ ನಿಂತಿದ್ದ.

ಅದು ಕನಸಲ್ಲ, ನಡೆದದ್ದು. ಅವನು ಹೋಗುವ ಎರಡು ತಿಂಗಳ ಮುಂಚೆ ನೆರಳಲ್ಲಿ ಮಲಗಿದ್ದವನು ಎದ್ದು ನೋಡಿದೆ. ಪಾಪ, ಕೈ ಕಟ್ಟಲಾಗದೆ ಒದ್ದಾಡುತ್ತಿದ್ದಾನೆ ಎಂದುಕೊಂಡೆ. ಹತ್ತಿರ ಹೋಗಿ ಅವನ ಎಡಗೈ ಎತ್ತಿ ಹೊಟ್ಟೆಯ ಮೇಲಿಟ್ಟೆ. ಎಷ್ಟು ಭಾರವಿತ್ತು ಆ ಕೈ! ಬಲಗೈಯನ್ನೂ ತಂದು ಅದರ ಮೇಲೆ ಹೊದಿಸಿದೆ. ಅಣ್ಣ ನಮಾಜು ನಿಲ್ಲಿಸಲಿಲ್ಲ. ಚೆನ್ನಾಗಿದ್ದ ಆ ಬಲಗೈಯಿಂದಲೇ ಎಡಗೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದ. ಆಮೇಲೆ ಬಲಗೈಯನ್ನೂ ಇಳಿಬಿಟ್ಟ. ಮುಗಿದ ಮೇಲೆ ನಕ್ಕ.

"ಎಡಗೈ ಇಳಿಸಿದ್ದು ಕಾಯಿಲೆ ಕಣೋ, ಬುಡೇನ್. ಬಲಗೈ ಇಳಿಸಿದ್ದು ನಾನು. ಮನಸ್ಸೊಪ್ಪಿ ನಿನ್ನ ಅತ್ತಿಗೆಯ ದಾರಿ ಹಿಡಿದು ಮೂರು ವರ್ಷ ಆಯ್ತು. ಊರೋರಿಗೆ ಸಾರ್ಕೊಂಡು ಬರ್ಲಾ?"

"ಬುಡೇನ್ ಸಾಬ್ರೇ!" ನರಸಿಂಹಯ್ಯನವರ ದನಿ ಬಾವಿಯ ತಳದಿಂದ ಬಂದಂತೆ ಕೇಳಿತು. "ಎಡಗೈ ಬಿದ್ದುಹೋಗಿದ್ದಕ್ಕೇ ನಿಮ್ಮಣ್ಣ ಕೈ ಕಟ್ತಿರಲಿಲ್ಲ. ಹೌದು ತಾನೇ?"

ಕಟಕಟೆಯ ಮರ ಹಿಡಿದಿದ್ದ ನನ್ನ ಕೈ ನೋಡಿಕೊಂಡೆ. ಬಾವಿಯ ಸಾಲು, ಗುಡಿಸಲು, ಎಲ್ಲವೂ ಕಣ್ಣ ಮುಂದೆ ಬಂತು.

"ಇಲ್ಲ ಸ್ವಾಮಿ," ಎಂದೆ. "ಬಲಗೈ ಚೆನ್ನಾಗಿತ್ತು. ಕಟ್ಬೇಕು ಅಂದಿದ್ರೆ ಅದರಲ್ಲೇ ಎಡಗೈ ಎತ್ತಿ ಹಿಡ್ಕೋಬಹುದಾಗಿತ್ತು. ನಾನೇ ಎತ್ತಿ ಇಟ್ಟೆ. ಅವನು ಇಳಿಸ್ಬಿಟ್ಟ." ಉಳಿದದ್ದನ್ನೂ ಹೇಳಿಬಿಟ್ಟೆ, ಒಂದು ಮಾತೂ ಬಿಡದೆ.

ಮುನ್ಸೀಫರ ಲೇಖನಿ ಬಹಳ ಹೊತ್ತು ಓಡಿತು. ನನ್ನ ದಾವೆ ವಜಾ ಆಯಿತು, ತೋಟ ಪೂರ್ತಿ ಕನೀಜಾಳದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರದವರನ್ನು ಕಂಡಿದ್ದೇನೆ, ಬಾಯಿಗೆ ಬಂದದ್ದನ್ನು ಉಗುಳಿದವರನ್ನು ಇವತ್ತೇ ನೋಡಿದ್ದು ಎಂದು ಬೈದು ನರಸಿಂಹಯ್ಯನವರು ಹೊರಟುಹೋದರು.

ಒಂದು ವಾರ ಆ ಕಡೆ ಸುಳಿಯಲಿಲ್ಲ. ಎಂಟನೆಯ ದಿನ ಕಾಲು ತಾನೇ ಎಳೆದುಕೊಂಡು ಹೋಯಿತು. ಬೇಲಿಯ ಹೊರಗೆ ಕಳ್ಳನಂತೆ ನಿಂತಿದ್ದೆ. ಕನೀಜಾ ಪೊರಕೆ ಹಿಡಿದು ಬಂದಳು. ಅವಳ ಕಣ್ಣು ಅಣ್ಣನದೇ.

"ಅಲ್ಲೇ ಯಾಕೆ ನಿಂತ್ರಿ ಚಾಚಾ? ಅಸರ್ ಹೊತ್ತಾಯ್ತು. ಅಬ್ಬಾ ನಿಲ್ತಿದ್ದ ಜಾಗ ಗುಡಿಸಿದೀನಿ, ಬನ್ನಿ."

ಚಪ್ಪಡಿಯ ಮೇಲೆ ನಿಂತೆ. ನನ್ನ ದಾರಿ ನನ್ನದು, ಕೈ ಕಟ್ಟಲು ಬಲಗೈಯಿಂದ ಎಡಗೈ ಹಿಡಿದೆ. ಅದು ಅವತ್ತು ನಾನು ಎತ್ತಿದ ಅಣ್ಣನ ಕೈಯಷ್ಟೇ ಭಾರವಾಗಿತ್ತು.