ನಿನ್ನೆ ಯಾರು ಬಂದಿದ್ದರು?

ಸಂದರ್ಶನದ ಕೋಣೆಯ ಮೇಜಿನ ಮೇಲೆ ಒಂದು ಹಳೆಯ ಟೆಲಿಫೋನು ಇತ್ತು. ಅದರ ತಂತಿ ಎಲ್ಲಿಗೂ ಸೇರಿರಲಿಲ್ಲ. ಕಪ್ಪು ಮೈ, ತಿರುಗಿಸುವ ಡಯಲು, ಸವೆದ ರಿಸೀವರು. ಅದನ್ನು ಕಂಡ ಕೂಡಲೇ ಪುಟ್ಟಿಗೆ ಅಪ್ಪನ ನೆನಪಾಯಿತು. ನಲವತ್ತು ದಾಟಿದ ಹೆಂಗಸನ್ನು ಪುಟ್ಟಿ ಎಂದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಆದರೂ ಅವಳು ಮನಸ್ಸಿನಲ್ಲಿ ತನ್ನನ್ನು ಹಾಗೆಯೇ ಕರೆದುಕೊಳ್ಳುತ್ತಿದ್ದಳು.

ಅಮ್ಮನನ್ನು ನೋಡಿಕೊಳ್ಳಲೆಂದು ಅವಳು ಕಂಪ್ಯೂಟರ್ ರಿಪೇರಿ ಅಂಗಡಿಯ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಅಮ್ಮ ಈ ಬೇಸಿಗೆಯಲ್ಲಿ ದೇವರ ಪಾದ ಸೇರಿದರು. ಈಗ ಮನೆ ನಡೆಯಬೇಕಾದರೆ ಕೆಲಸ ಬೇಕು. ಹಿಂದಿನ ಎರಡು ಸಂದರ್ಶನಗಳಲ್ಲಿ ಕೆಲಸ ಕೈತಪ್ಪಿದ್ದು ಒಂದೇ ಕಾರಣಕ್ಕೆ. "ಉತ್ತರ ಸರಿ ಇತ್ತು, ಆದರೆ ನೀವು ಬಾಯಿ ಬಿಡಲೇ ಇಲ್ಲ" ಎಂದಿದ್ದರು. ಅಂಗಡಿಯಲ್ಲಿ ಯಂತ್ರ ಕೈಗೆ ಸಿಗುತ್ತಿತ್ತು, ಬಾಯಿಗೆ ಕೆಲಸವಿರಲಿಲ್ಲ. ಇಲ್ಲಿಯದು ಫೋನಿನಲ್ಲೇ ರಿಪೇರಿ ಹೇಳಿಕೊಡುವ ಕೆಲಸ; ಯಂತ್ರ ಇನ್ನೊಬ್ಬರ ಊರಿನಲ್ಲಿರುತ್ತದೆ, ಇವಳ ಕೈಗೆ ಬರುವುದು ಬರೀ ದನಿ.

ಮ್ಯಾನೇಜರು ಹಣೆ ಅಗಲವಾದ, ನಗು ಕಡಿಮೆಯಾದ ಮನುಷ್ಯ. ಅವರ ಪಕ್ಕದಲ್ಲಿ ಹಿರಿಯ ಇಂಜಿನಿಯರ್, ಗಟ್ಟಿ ಗಂಟಲಿನ ಹೆಂಗಸು.

"ನಾನು ಕಸ್ಟಮರ್," ಎಂದು ಆಕೆ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಬೆನ್ನು ಹಾಕಿ ಕೂತರು. "ನನ್ನ ಮುಖ ನೋಡೋ ಹಾಗಿಲ್ಲ. ಫೋನ್ ಎತ್ಕೊಳ್ಳಿ. ನಿಮ್ಮ ತಲೇಲಿ ಓಡೋದೆಲ್ಲ ಜೋರಾಗಿ ಹೇಳ್ಬೇಕು."

ಪುಟ್ಟಿ ಸತ್ತ ರಿಸೀವರನ್ನು ಕಿವಿಗಿಟ್ಟಳು.

"ಏನ್ರೀ, ಎಷ್ಟು ಸಲ ಫೋನ್ ಮಾಡೋದು? ನಮ್ದು ರಕ್ತ ಪರೀಕ್ಷೆ ಲ್ಯಾಬು. ಬೆಳಿಗ್ಗೆಯಿಂದ ಒಂದು ರಿಪೋರ್ಟೂ ಪ್ರಿಂಟ್ ಆಗ್ತಿಲ್ಲ. ಜನ ಬಾಗಿಲ ತನಕ ನಿಂತಿದಾರೆ. ಆಫ್ ಮಾಡಿ ಆನ್ ಮಾಡಿ ಅಂತ ಇನ್ನೊಂದು ಸಲ ಹೇಳಿದ್ರೆ ನೋಡಿ, ಪ್ರಿಂಟರನ್ನ ನಿಮ್ಮ ಆಫೀಸಿಗೇ ತಂದು ಎಸೀತೀನಿ!"

ಪುಟ್ಟಿಯ ತಲೆಯಲ್ಲಿ ದಾರಿಗಳು ಒಂದೊಂದಾಗಿ ತೆರೆದುಕೊಂಡವು. ಕೇಬಲ್ಲೋ, ಪ್ರಿಂಟರ್ ನಡೆಸುವ ಡ್ರೈವರ್ ತಂತ್ರಾಂಶವೋ, ಪ್ರಿಂಟಿನ ಸರದಿಯಲ್ಲಿ ಸಿಕ್ಕಿಹಾಕಿಕೊಂಡ ಹಳೆಯ ಕೆಲಸವೋ? ಅವಳು ಯೋಚಿಸುತ್ತ ಕೂತಳು. ತುಟಿ ಅಲುಗಲಿಲ್ಲ.

"ಹಲೋ? ಇದೀರೋ, ಎದ್ದು ಹೋದ್ರೋ?"

ಮ್ಯಾನೇಜರು ಪೆನ್ನಿನ ಮುಚ್ಚಳ ಹಾಕುವ ಸದ್ದು ಕೇಳಿಸಿತು. ಮೂರನೆಯದೂ ಹೋಯಿತು ಎಂದುಕೊಂಡಳು. ಎದುರಿಗಿದ್ದ ಬೆನ್ನನ್ನು ನೋಡಿದಳು. ಕಾಣದೆ ಕಾಯುತ್ತಿರುವವರು ಹೀಗೆಯೇ ಕೂರುತ್ತಾರೆ, ತಲೆ ಒಂದಿಷ್ಟು ವಾಲಿಸಿ, ಕಿವಿ ಈ ಕಡೆಗಿಟ್ಟು. ಅಮ್ಮ ಹಾಗೆ ಕೂರುತ್ತಿದ್ದರು.

ಅಪ್ಪ ಟೆಲಿಫೋನ್ ಲೈನ್‌ಮನ್. ಕೆಟ್ಟ ಫೋನುಗಳನ್ನು ಮನೆಗೂ ತರುತ್ತಿದ್ದರು. ಅಮ್ಮನ ಕಣ್ಣು ಮಂಜಾಗುತ್ತ ಬಂದು ಪೂರ್ತಿ ಹೋದ ಮೇಲೆ, ಸಂಜೆ ಅವರು ಅಪ್ಪನ ಪಕ್ಕದಲ್ಲೇ ಕೂತು, "ಈಗೇನ್ ಮಾಡ್ತಿದೀರಿ?" ಎಂದು ಕೇಳುತ್ತಲೇ ಇರುತ್ತಿದ್ದರು. ಅಪ್ಪ ಒಮ್ಮೆಯೂ ಬೇಸರಿಸಿದವರಲ್ಲ.

"ಮುಚ್ಚಳ ಬಿಚ್ಚಿದೆ. ಒಳಗೆ ಜಿರಲೆ ಸಂಸಾರ ಹೂಡಿದೆ. ಕೇಳ್ತಿದೀಯಾ?"

"ಕೇಳ್ತಿದೀನಿ. ಬಾಡಿಗೆ ವಸೂಲಿ ಮಾಡಿ."

"ತಂತಿ ಎರಡೂ ಗಟ್ಟಿಯಾಗಿವೆ. ಅಂದ್ರೆ ತೊಂದರೆ ಇಲ್ಲಿಲ್ಲ, ಮುಂದೆ ಇದೆ. ಕೇಳ್ತಿದೀಯಾ?"

ಆ ಎರಡು ದನಿಗಳ ನಡುವೆ ಹೋಂವರ್ಕ್ ಮಾಡುತ್ತ ಪುಟ್ಟಿ ಬೆಳೆದಳು. ಲೋಕದಲ್ಲಿ ಎಲ್ಲರ ಮನೆಯಲ್ಲೂ ರಿಪೇರಿ ಹೀಗೆಯೇ ಮಾತಾಡಿಕೊಂಡು ನಡೆಯುತ್ತದೆ ಎಂದೇ ಆಗ ತಿಳಿದಿದ್ದಳು.

"ಇದೀನಿ ಮೇಡಂ," ಎಂದಳು ಪುಟ್ಟಿ. "ಸುಮ್ಮನಾಗಿದ್ದು ನನ್ನ ತಪ್ಪು. ಆಫ್ ಆನ್ ಮಾಡಿ ಅಂತ ಹೇಳಲ್ಲ, ಅದನ್ನ ನೀವೇ ಮಾಡಿ ಮುಗಿಸಿದೀರಿ. ಮೊದಲು ಯಂತ್ರ ಕೆಟ್ಟಿದೆಯಾ, ದಾರಿ ಕೆಟ್ಟಿದೆಯಾ ನೋಡೋಣ. ಗಾಜಿನ ಮೇಲೆ ಒಂದು ಹಾಳೆ ಇಟ್ಟು ಕಾಪಿ ಬಟನ್ ಒತ್ತಿ. ಬಂತಾ?"

"ಬಂತು. ಚೆನ್ನಾಗೇ ಬಂತು."

"ಹಾಗಾದ್ರೆ ಕಾಗದ, ಇಂಕು, ಯಂತ್ರ ಮೂರೂ ಸರಿ ಇವೆ. ಅದನ್ನ ಬಿಟ್ಟುಬಿಡೋಣ. ಕಂಪ್ಯೂಟರಲ್ಲಿ ಏನಂತ ಬರ್ತಿದೆ, ಇದ್ದ ಹಾಗೇ ಓದಿ."

"ಪ್ರಿಂಟರ್ ಆಫ್‌ಲೈನ್ ಅಂತೆ."

"ಒಂದೇ ಕಂಪ್ಯೂಟರಲ್ಲೋ, ಎಲ್ಲದರಲ್ಲೋ?"

"ಮೂರರಲ್ಲೂ ಅದೇ ಹಾಡು."

"ಮೂರೂ ಒಟ್ಟಿಗೆ ಕೆಡೋದು ಕಷ್ಟ. ಹಾಗಾಗಿ ಡ್ರೈವರಿಗೆ ಈಗಲೇ ಕೈ ಹಾಕಲ್ಲ. ಮೂರಕ್ಕೂ ಪ್ರಿಂಟರಿಗೂ ನಡುವೆ ಇರೋ ದಾರಿ ನೋಡ್ತೀನಿ. ಕೇಳ್ತಿದೀರಾ?"

ಗೋಡೆಯ ಕಡೆಯಿಂದ ಉತ್ತರ ಬಂತು. "ಕೇಳ್ತಿದೀನಿ."

"ಪ್ರಿಂಟರಿಗೆ ನೆಟ್ ತಂತಿಯಲ್ಲಿ ಹೋಗುತ್ತಾ, ವೈಫೈನಲ್ಲಾ?"

"ತಂತಿ. ದೀಪಾನೂ ಮಿಣುಕ್ತಿದೆ."

"ನಿನ್ನೆಯಿಂದ ಇವತ್ತಿಗೆ ಏನಾದ್ರೂ ಬದಲಾಯ್ತಾ?"

"ಏನೂ ಇಲ್ಲಾ ರೀ! ನಾವೇನೂ ಮುಟ್ಟಿಲ್ಲ. ಎಲ್ಲರೂ ಇದನ್ನೇ ಕೇಳ್ತೀರಲ್ಲ!"

ಮ್ಯಾನೇಜರು ಮುಂದಕ್ಕೆ ಬಾಗಿದರು. ಸಂದರ್ಶನಕ್ಕೆ ಬಂದವರೆಲ್ಲ ಇಲ್ಲಿಯೇ ಎಡವುತ್ತಿದ್ದರೆಂದು ಕಾಣುತ್ತದೆ.

ಫೋನು ಕೆಟ್ಟವರ ಮನೆಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಅಪ್ಪ ಕೇಳುತ್ತಿದ್ದ ಮಾತು ಪುಟ್ಟಿಯ ನಾಲಿಗೆಗೆ ತಾನಾಗಿ ಬಂತು. ಮನೆಯವರು ತಾವು ಮಾಡಿದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ, ಬೇರೆಯವರು ಬಂದು ಮಾಡಿದ್ದು ಅವರ ನೆನಪಿಗೆ ಬರುವುದಿಲ್ಲ ಎನ್ನುತ್ತಿದ್ದರು ಅಪ್ಪ. ಬಣ್ಣ ಬಳಿಯುವವನು ಬಂದಿದ್ದ, ಬೀರು ಸರಿಸುವವರು ಬಂದಿದ್ದರು, ಆಮೇಲೆ ಫೋನು ಸತ್ತಿತ್ತು.

"ಅದು ಬಿಡಿ ಮೇಡಂ. ನಿನ್ನೆ ನಿಮ್ಮಲ್ಲಿಗೆ ಯಾರು ಬಂದಿದ್ರು?"

"ಯಾರು ಬರ್ತಾರೆ? ರೋಗಿಗಳು. ನೀರಿನ ಕ್ಯಾನಿನವನು. ಹಾಂ, ಸಂಜೆ ನೆಟ್‌ನವರು ಬಂದು ಹಳೇ ಡಬ್ಬ ತೆಗೆದು ಹೊಸಾದು ಹಾಕಿಹೋದ್ರು. ಈಗ ನೆಟ್ ಕುದುರೆ ಥರ ಓಡ್ತಿದೆ. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

"ಅಲ್ಲೇ ಇರಬಹುದು. ಆ ಡಬ್ಬ, ಅಂದ್ರೆ ರೂಟರ್, ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಕೊಡುತ್ತೆ. ಹೊಸ ಡಬ್ಬ ಪ್ರಿಂಟರಿಗೆ ಹೊಸ ವಿಳಾಸ ಕೊಟ್ಟಿದ್ರೆ, ಕಂಪ್ಯೂಟರ್‌ಗಳು ಇನ್ನೂ ಹಳೇ ಬಾಗಿಲೇ ತಟ್ತಾ ಇರ್ತವೆ. ಇದು ನನ್ನ ಅಂದಾಜು, ಖಾತ್ರಿ ಮಾಡ್ಕೊಳ್ಳೋಣ. ಪ್ರಿಂಟರಿನ ಮೆನುವಿನಲ್ಲಿ ನೆಟ್‌ವರ್ಕ್ ವಿವರದ ಪುಟ ಅಂತಿದೆ, ಅದನ್ನ ಪ್ರಿಂಟ್ ಮಾಡಿ. ಐಪಿ ವಿಳಾಸ ಓದಿ."

ಆಕೆ ಕೈಯಲ್ಲಿದ್ದ ಹಾಳೆ ನೋಡಿ ಒಂದು ಸಂಖ್ಯೆ ಓದಿದರು. ಆಮೇಲೆ ಕಂಪ್ಯೂಟರಿನ ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ಸ್ ಎಂಬಲ್ಲಿದ್ದ ವಿಳಾಸವನ್ನೂ ಓದಿದರು. ಎರಡೂ ಬೇರೆಯಾಗಿದ್ದವು.

"ಹೊಸ ವಿಳಾಸಕ್ಕೆ ಒಂದು ಪೋರ್ಟ್, ಅಂದ್ರೆ ಹೊಸ ದಾರಿ, ಸೇರಿಸ್ತೀವಿ. ಮೊದಲು ಜನ ನಿಂತಿರೋ ಕಡೆ ಇರೋ ಕಂಪ್ಯೂಟರಿಗೆ, ಅವರು ರಿಪೋರ್ಟ್ ತಗೊಂಡು ಹೋಗ್ಲಿ. ಉಳಿದೆರಡು ಆಮೇಲೆ. ಟೆಸ್ಟ್ ಪುಟ ಕೊಡಿ... ಏನ್ ಕೇಳಿಸ್ತು?"

"ಗರಗರ ಅಂತು," ಎಂದರು ಆಕೆ. ಗಂಟಲಿನ ಗಡಸು ಇಳಿದಿತ್ತು. "ಬಂತು. ನಾಳೆ ಮತ್ತೆ ಕೆಟ್ರೆ?"

"ಕೆಡಬಾರದು ಅಂತಲೇ ಡಬ್ಬದಲ್ಲಿ ಈ ವಿಳಾಸವನ್ನ ಪ್ರಿಂಟರಿನ ಹೆಸರಿಗೆ ಕಾದಿರಿಸ್ತೀವಿ. ಅದರ ಪಾಸ್‌ವರ್ಡ್ ನಿಮ್ಮಲ್ಲಿ ಇಲ್ದಿದ್ರೆ ನೆಟ್‌ನವರ ಹತ್ತಿರ ನಾನೇ ಮಾತಾಡ್ತೀನಿ. ಸಂಜೆ ಒಂದು ಸಲ ನಾನೇ ಫೋನ್ ಮಾಡಿ ವಿಚಾರಿಸ್ತೀನಿ."

ಹಿರಿಯ ಇಂಜಿನಿಯರ್ ಕುರ್ಚಿ ತಿರುಗಿಸಿದರು. "ಯಾರು ಬಂದಿದ್ರು ಅಂತ ಕೇಳೋಕೆ ಎಲ್ಲಿ ಕಲಿತ್ರಿ?"

"ನಮ್ಮಪ್ಪ ಕೇಳ್ತಿದ್ರು."

"ಮತ್ತೆ ಆ 'ಕೇಳ್ತಿದೀರಾ'?"

"ಅದು... ನಮ್ಮಮ್ಮನಿಗೆ."

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು. "ಸೋಮವಾರದಿಂದ ಬರ್ತೀರಾ? ಆ ಫೋನ್ ಮಾತ್ರ ಕೆಳಗಿಡಿ, ಅದು ನಮ್ಮ ಆಸ್ತಿ."

ರಿಸೀವರನ್ನು ಇನ್ನೂ ಕಿವಿಗೆ ಒತ್ತಿ ಹಿಡಿದಿರುವುದನ್ನು ಪುಟ್ಟಿ ಆಗಲೇ ಗಮನಿಸಿದ್ದು.

ಸಂಜೆ ಬೀಗ ತೆರೆದು ಮನೆಯೊಳಗೆ ಕಾಲಿಟ್ಟಳು. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ. ಯಾರ ಜೊತೆ ಆಡುವುದು? ದೇವರ ಮುಂದೆ ಸಹ ಕೈಯಷ್ಟೇ ಮುಗಿಯುತ್ತಿದ್ದಳು. ಇವತ್ತು ಚಪ್ಪಲಿ ಬಿಟ್ಟು, ಕಿಟಕಿಯ ಪಕ್ಕದ ಅಮ್ಮನ ಖಾಲಿ ಕುರ್ಚಿಯ ಕಡೆ ನೋಡಿದಳು.

"ಬಾಗಿಲು ಹಾಕಿದೆ," ಎಂದಳು ಜೋರಾಗಿ. "ದೀಪ ಹಚ್ತಿದೀನಿ. ಕೆಲಸ ಸಿಕ್ತು. ಕೇಳ್ತಿದೀಯಾ?"