ಪುಟಾಣಿ-ಬೆಲ್ಲದ ಕೇಕ್

ಅಣ್ಣಿಗೇರಿಯ ದಾನೇಶ್ವರಿ ಮನೆಯಲ್ಲೇ ಮೊಟ್ಟೆಯಿಲ್ಲದ ಕೇಕ್ ಮಾಡಿ ಮಾರುತ್ತಿದ್ದಳು. ಅವಳಿಂದಲೇ ಕಲಿತ ಪಕ್ಕದ ಓಣಿಯ ಸೀಮಾ ತನ್ನದೇ ಪೇಜ್ ತೆರೆದು, ದಾನೇಶ್ವರಿ ಇನ್‌ಸ್ಟಾಗ್ರಾಮ್‌ನಲ್ಲಿ ಬರೆದದ್ದನ್ನೆಲ್ಲ ಒಂದಕ್ಷರ ಬಿಡದೆ ಕದಿಯತೊಡಗಿದಳು. ಗಿರಾಕಿಗಳೂ ಅತ್ತ ಸರಿದರು.

ಗುರುವಾರ ದಾನೇಶ್ವರಿ ಹಲ್ಲು ಕಚ್ಚಿಕೊಂಡು ಬರೆದಳು: ‘ಹೊಸ ರುಚಿ! ಪುಟಾಣಿ-ಬೆಲ್ಲದ ಎಗ್‌ಲೆಸ್ ಕೇಕ್. ಶನಿವಾರ, ಭಾನುವಾರ ಮಾತ್ರ. ಶುಕ್ರವಾರ ಸಂಜೆಯೊಳಗೆ ಆರ್ಡರ್ ಮಾಡಿ.’

ಅರ್ಧ ತಾಸಿನಲ್ಲಿ ಅದೇ ಸಾಲುಗಳು ಸೀಮಾಳ ಪೇಜಿನಲ್ಲಿದ್ದವು. ಆದರೆ ಬರೀ ಪುಟಾಣಿ, ಅಂದರೆ ಹುರಿಗಡಲೆಯ ಹಿಟ್ಟು ಹಾಕಿದರೆ ಮೊಟ್ಟೆಯಿಲ್ಲದ ಕೇಕ್ ಹಿಡಿದು ನಿಲ್ಲುವುದಿಲ್ಲ. ಮೈದಾ ಎಷ್ಟು ಬೆರೆಸಬೇಕು, ಮೊಸರು ಎಷ್ಟು ಎಂಬುದನ್ನು ದಾನೇಶ್ವರಿ ತಿಂಗಳುಗಟ್ಟಲೆ ಕೆಡಿಸಿ ಕೆಡಿಸಿ ಕಲಿತಿದ್ದಳು; ಸೀಮಾಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

ಶನಿವಾರ ಮಧ್ಯಾಹ್ನ ಸೀಮಾ ಫೋನ್ ಮಾಡಿದಳು.

“ಅಕ್ಕಾ, ಮೂರು ಸಲ ಮಾಡೀನ್ರಿ, ಮುಟ್ಟಿದ್ರ ಪುಡಿಪುಡಿ ಆಗಾಕತ್ತೈತಿ. ಏಳು ಆರ್ಡರ್ ಅದಾವು. ಹೆಂಗ ಮಾಡೂದು ಹೇಳ್ರಿ.”

“ನಾ ಬರದಿದ್ದನ್ನ ಪೂರಾ ಇಳಿಸ್ಕೊಂಡೀಯಲ್ಲಬೇ, ಅದರಾಗ ಹುಡುಕು.”

ಸೀಮಾ ಅಳತೊಡಗಿದಳು. ದಾನೇಶ್ವರಿ ಫೋನ್ ಇಡಲಿಲ್ಲ. ಆ ಅಳು ಮುಗಿಯುವ ತನಕ ಸುಮ್ಮನೆ ಕೇಳಿದಳು.

ಸಂಜೆ ಆ ಏಳು ಮಂದಿಯಲ್ಲಿ ಐವರು ದಾನೇಶ್ವರಿಯ ಬಾಗಿಲಿಗೇ ಬಂದರು. ಅವರಿಗೆಂದೇ ಬೆಳಿಗ್ಗೆ ಹೆಚ್ಚಿಗೆ ಬೇಯಿಸಿಟ್ಟಿದ್ದ ಕೇಕುಗಳನ್ನು ಅವಳು ನಗುತ್ತ ಡಬ್ಬಿಗೆ ಹಾಕಿದಳು.